ಬೋರ್ಡಿನಲ್ಲಿ ಒಂದು ಮೊತ್ತ, ಫಾಸ್ಟ್ಯಾಗ್‌ನಲ್ಲಿ ಇನ್ನೊಂದು

ಭಾನುವಾರ ನಸುಕಿನ ಒಂದೂಕಾಲು ಗಂಟೆ. ಕಾರು ನೆಂಟರ ಮನೆಯ ಅಂಗಳದಲ್ಲಿ ನಿಂತಿದೆ, ಮನೆಮಂದಿಯೆಲ್ಲ ಮಲಗಿದ್ದಾರೆ. ಆಗ ಫೋನಿಗೊಂದು ಎಸ್‌ಎಂಎಸ್ ಬರುತ್ತದೆ: ಫಾಸ್ಟ್ಯಾಗ್‌ನಿಂದ 135 ರೂಪಾಯಿ ಕಡಿತ. ಬೆಳಿಗ್ಗೆ ಎದ್ದು ಅದನ್ನು ನೋಡಿದವರಿಗೆ ಮೊದಲು ಹೊಳೆಯುವುದು, ಯಾರೋ ದುಡ್ಡು ಹೊಡೆದಿದ್ದಾರೆ ಎಂಬುದೇ. ಅದೇ ದಿನ ಊರಿಗೆ ವಾಪಸಾಗುವಾಗ ಒಂದು ಟೋಲ್‌ನಲ್ಲಿ ಬೋರ್ಡಿನ ದರಕ್ಕಿಂತ ಕಡಿಮೆ ಕಡಿತವಾಗುತ್ತದೆ, ಇನ್ನೊಂದರಲ್ಲಿ ಪೂರ್ತಿ ಹೋಗುತ್ತದೆ. ಮನೆಗೆ ಬಂದು ಕೂಡಿ ಕಳೆದರೆ ಲೆಕ್ಕ 40 ರೂಪಾಯಿ ತಪ್ಪುತ್ತದೆ.

ಇದರಲ್ಲಿ ಮೋಸವೇನೂ ಇಲ್ಲದಿರಬಹುದು. ಇರಲೂಬಹುದು. ಯಾವುದು ಎಂದು ತಿಳಿಯಲು ಬ್ಯಾಲೆನ್ಸ್ ನೋಡಿದರೆ ಸಾಲದು, ಸ್ಟೇಟ್‌ಮೆಂಟ್ ಓದಬೇಕು. ಮೊತ್ತಕ್ಕಿಂತ ಮೊದಲು ಸಮಯವನ್ನು ಓದಬೇಕು.

ಕಾರು ಲೇನಿಗೆ ಬಂದಾಗ ಮೇಲಿರುವ ಉಪಕರಣ ಗಾಜಿನ ಮೇಲಿನ ಟ್ಯಾಗನ್ನು ಓದುತ್ತದೆ. ಟ್ಯಾಗ್‌ನೊಳಗೆ ಹಣವಿಲ್ಲ, ಅದರಲ್ಲಿರುವುದು ಗುರುತಿನ ಸಂಖ್ಯೆ. ಟೋಲ್‌ನ ಕಂಪ್ಯೂಟರು ಆ ಸಂಖ್ಯೆಯನ್ನೂ ಮೊತ್ತವನ್ನೂ ತನ್ನ ಬ್ಯಾಂಕಿಗೆ ಕಳಿಸುತ್ತದೆ. ಆ ಬ್ಯಾಂಕು ಅದನ್ನು ಎನ್‌ಪಿಸಿಐ ನಡೆಸುವ ಜಾಲಕ್ಕೆ ಒಪ್ಪಿಸುತ್ತದೆ. ಯುಪಿಐ ನಡೆಸುವುದೂ ಇದೇ ಸಂಸ್ಥೆ. ಅಲ್ಲಿಂದ ಸಂದೇಶ ನಿಮಗೆ ಟ್ಯಾಗ್ ಕೊಟ್ಟ ಬ್ಯಾಂಕಿಗೆ ಬರುತ್ತದೆ, ಆ ಬ್ಯಾಂಕು ನಿಮ್ಮ ಖಾತೆಯಿಂದ ಹಣ ಕಳೆಯುತ್ತದೆ. ಎಲ್ಲ ಸರಿಯಿದ್ದರೆ ಗೇಟು ದಾಟಿ ಸ್ವಲ್ಪ ದೂರ ಹೋಗುವುದರೊಳಗೆ ಎಸ್‌ಎಂಎಸ್ ಬಂದಿರುತ್ತದೆ. ಟೋಲ್‌ನಲ್ಲಿ ನೆಟ್‌ವರ್ಕ್ ಕೈಕೊಟ್ಟಿದ್ದರೆ ಗೇಟು ತೆರೆಯುತ್ತದೆ, ಆದರೆ ಲೆಕ್ಕ ಅಲ್ಲೇ ಕಂಪ್ಯೂಟರಿನಲ್ಲಿ ಉಳಿದು ಸಂಪರ್ಕ ಬಂದ ಮೇಲೆ ಹೊರಡುತ್ತದೆ.

ಆದ್ದರಿಂದ ಒಂದೇ ದಾಟುವಿಕೆಗೆ ಎರಡು ಸಮಯಗಳಿವೆ. ಒಂದು, ಲೇನಿನಲ್ಲಿ ಟ್ಯಾಗ್ ಓದಿದ ಸಮಯ. ಸ್ಟೇಟ್‌ಮೆಂಟಿನಲ್ಲಿ ಇದು ಸಾಮಾನ್ಯವಾಗಿ Reader Read Time ಎಂದಿರುತ್ತದೆ. ಇನ್ನೊಂದು, ಬ್ಯಾಂಕು ಹಣ ಕಳೆದ ಸಮಯ. ಎಸ್‌ಎಂಎಸ್ ಬರುವುದು ಎರಡನೆಯದರ ಬೆನ್ನಿಗೆ, ಮತ್ತು ಬಹಳಷ್ಟು ಆ್ಯಪ್‌ಗಳು ಪಟ್ಟಿಯನ್ನು ಜೋಡಿಸುವುದೂ ಎರಡನೆಯದರ ಪ್ರಕಾರವೇ. ಟೋಲ್ ನಿಯಮದ ಲೆಕ್ಕ ನಡೆಯುವುದು ಮಾತ್ರ ಮೊದಲನೆಯದರ ಮೇಲೆ. ಓದುವವರು ಎಡವುವುದು ಹೆಚ್ಚಾಗಿ ಇಲ್ಲೇ.

ಇನ್ನು ಬೋರ್ಡಿನ ವಿಷಯ. ಟೋಲ್‌ಗೆ ಸ್ವಲ್ಪ ಮೊದಲು ನಿಲ್ಲಿಸಿರುವ ದೊಡ್ಡ ಬೋರ್ಡಿನಲ್ಲಿ ಪ್ರತಿ ಬಗೆಯ ವಾಹನಕ್ಕೂ ನಾಲ್ಕೈದು ಅಂಕಿಗಳಿರುತ್ತವೆ: ಒಂದು ಬಾರಿಗೆ, ಹೋಗಿ ಬರುವುದಕ್ಕೆ, ತಿಂಗಳ ಪಾಸಿಗೆ, ಆ ಜಿಲ್ಲೆಯಲ್ಲೇ ನೋಂದಣಿಯಾದ ವಾಣಿಜ್ಯ ವಾಹನಕ್ಕೆ. ಓಡುವ ಕಾರಿನಿಂದ ನೋಡುವವರ ಕಣ್ಣಿಗೆ ಇವುಗಳಲ್ಲಿ ಯಾವುದಾದರೂ ಒಂದು ಬೀಳುತ್ತದೆ, ಅದೇ ತಮ್ಮ ದರ ಎಂದು ಮನಸ್ಸಿನಲ್ಲಿ ಉಳಿಯುತ್ತದೆ. ಈ ಅಂಕಿಗಳ ಹಿಂದಿರುವುದು 2008ರ ರಾಷ್ಟ್ರೀಯ ಹೆದ್ದಾರಿ ಶುಲ್ಕ ನಿಯಮಗಳು. ಅದರ ಪ್ರಕಾರ ದರ ಪ್ರತಿ ವರ್ಷ ಏಪ್ರಿಲ್ 1ಕ್ಕೆ ಬದಲಾಗುತ್ತದೆ, ಮತ್ತು ಬಂದ ಮೊತ್ತವನ್ನು ಹತ್ತಿರದ ಐದು ರೂಪಾಯಿಗೆ ಸರಿಹೊಂದಿಸಲಾಗುತ್ತದೆ. ಹೋಗಿ ಬರುವುದಕ್ಕೆ ಒಂದು ಬಾರಿಯ ದರದ ಒಂದೂವರೆ ಪಟ್ಟು, ಆದರೆ ಕೆಲವು ಷರತ್ತುಗಳಿವೆ: ಎರಡೇ ದಾಟುವಿಕೆ, ಅದೂ ಮೊದಲ ಪಾವತಿಯಿಂದ 24 ಗಂಟೆಯ ಒಳಗೆ.

ನಗದು ಕೊಡುತ್ತಿದ್ದ ಕಾಲದಲ್ಲಿ ಕೌಂಟರಿನಲ್ಲಿ ‘ಅಪ್ ಆ್ಯಂಡ್ ಡೌನ್’ ಎಂದು ಹೇಳಿ ಒಂದೂವರೆ ಪಟ್ಟನ್ನು ಒಟ್ಟಿಗೆ ಕೊಟ್ಟು ರಸೀದಿ ಇಟ್ಟುಕೊಳ್ಳುತ್ತಿದ್ದೆವು. ಫಾಸ್ಟ್ಯಾಗ್‌ಗೆ ನೀವು ವಾಪಸು ಬರುತ್ತೀರೋ ಇಲ್ಲವೋ ಮೊದಲೇ ತಿಳಿಯದು. ಹಾಗಾಗಿ ಹೋಗುವಾಗ ಪೂರ್ತಿ ಒಂದು ಬಾರಿಯ ದರ ಕಳೆಯುತ್ತದೆ. 24 ಗಂಟೆಯೊಳಗೆ ಅದೇ ಟೋಲ್‌ಗೆ ಅದೇ ಟ್ಯಾಗ್ ಮರಳಿದರೆ ಉಳಿಕೆಯನ್ನಷ್ಟೇ ಕಳೆಯುತ್ತದೆ. ಈ ಉಳಿಕೆ ಬೋರ್ಡಿನಲ್ಲಿ ಎಲ್ಲೂ ಬರೆದಿರುವುದಿಲ್ಲ. ಒಂದು ಬಾರಿಗೆ 85 ಎಂದಿಟ್ಟುಕೊಳ್ಳಿ. ಒಂದೂವರೆ ಪಟ್ಟು ಅಂದರೆ 127 ರೂಪಾಯಿ 50 ಪೈಸೆ, ಸರಿಹೊಂದಿಸಿದರೆ 130. ವಾಪಸು ಬರುವಾಗ ಕಳೆಯುವುದು 130ರಲ್ಲಿ 85 ಹೋಗಿ ಉಳಿದ 45. ಅದು 85ರ ಅರ್ಧವೂ ಅಲ್ಲ, ಬೋರ್ಡಿನ ಯಾವ ಅಂಕಿಯೂ ಅಲ್ಲ. ಆದರೂ ಲೆಕ್ಕ ಸರಿಯಾಗಿಯೇ ಇದೆ.

ಈಗ ಆ ಶನಿವಾರ–ಭಾನುವಾರದ ಪ್ರಯಾಣವನ್ನು ಪೂರ್ತಿ ಬಿಡಿಸಿ ನೋಡೋಣ. ದಾರಿಯಲ್ಲಿ ಎರಡು ಟೋಲ್. ಮೊದಲನೆಯದರಲ್ಲಿ ಕಾರಿಗೆ ಒಂದು ಬಾರಿಗೆ 85, ಹೋಗಿ ಬರಲು 130. ಎರಡನೆಯದರಲ್ಲಿ 135 ಮತ್ತು 205. ಹೊರಡುವಾಗ ಬ್ಯಾಲೆನ್ಸ್ 412 ಇತ್ತು. ‘ಎರಡೂ ಕಡೆ ರಿಟರ್ನ್ ಸಿಗುತ್ತದೆ, ಒಟ್ಟು 335, ಉಳಿಯುವುದು 77’ ಎಂದು ಮನೆಯವರ ಲೆಕ್ಕ. ಬಂದು ನೋಡಿದರೆ ಉಳಿದದ್ದು 37.

ಬ್ಯಾಂಕಿನ ಪಟ್ಟಿ, ಹಣ ಕಳೆದ ಕ್ರಮದಲ್ಲಿ, ಹೀಗಿದೆ. ಶನಿವಾರ ಬೆಳಿಗ್ಗೆ 6.42ಕ್ಕೆ 85 ಹೋಗಿ 327. ಭಾನುವಾರ ನಸುಕಿನ 1.15ಕ್ಕೆ 135 ಹೋಗಿ 192. ಭಾನುವಾರ ಬೆಳಿಗ್ಗೆ 6.01ಕ್ಕೆ 70 ಹೋಗಿ 122. ಕೊನೆಗೆ 6.55ಕ್ಕೆ 85 ಹೋಗಿ 37. ಹೀಗೆ ಓದಿದರೆ ಮಧ್ಯರಾತ್ರಿಯ ಸಾಲು ಕಳ್ಳತನದಂತೆ ಕಾಣುತ್ತದೆ. ಕೊನೆಯ ಸಾಲಿನಲ್ಲಿ ರಿಟರ್ನ್ ರಿಯಾಯಿತಿಯನ್ನು ಯಾರೋ ನುಂಗಿದಂತೆ ಕಾಣುತ್ತದೆ.

ಅದೇ ನಾಲ್ಕು ಸಾಲುಗಳನ್ನು ಟ್ಯಾಗ್ ಓದಿದ ಸಮಯದ ಕ್ರಮದಲ್ಲಿ ಬರೆದುಕೊಳ್ಳಿ. 1.15ರ ಸಾಲಿನ ಎದುರು ಓದಿದ ಸಮಯ ಶನಿವಾರ ಬೆಳಿಗ್ಗೆ 7.31 ಎಂದಿದೆ. ಅಂದರೆ ಅದು ಎರಡನೆಯ ಟೋಲ್‌ನ ಹೋಗುವ ದಾಟುವಿಕೆ. ಅಲ್ಲಿ ಸಂಪರ್ಕ ತಪ್ಪಿ ಲೆಕ್ಕ ತಡವಾಗಿ ಬಂದಿದೆ, ಅಷ್ಟೇ. ವಾಪಸು ಬರುವಾಗ ಅದೇ ಟೋಲ್ ದಾಟಿದ್ದು ಭಾನುವಾರ 6.01ಕ್ಕೆ. 7.31ರಿಂದ ಎಣಿಸಿದರೆ ಇಪ್ಪತ್ತೆರಡೂವರೆ ಗಂಟೆ, ಹಾಗಾಗಿ ರಿಯಾಯಿತಿ ಸಿಕ್ಕಿತು: 205ರಲ್ಲಿ 135 ಕಳೆದು 70. ಮೊದಲ ಟೋಲ್‌ಗೆ ಬಂದದ್ದು 6.55ಕ್ಕೆ. ಅಲ್ಲಿ ಹಿಂದಿನ ದಿನ ದಾಟಿದ್ದು 6.42ಕ್ಕೆ. 24 ಗಂಟೆ ಮುಗಿದು 13 ನಿಮಿಷ ಕಳೆದಿತ್ತು. ಆದ್ದರಿಂದ 45ರ ಬದಲು ಪೂರ್ತಿ 85. ಹೆಚ್ಚು ಹೋದ 40 ರೂಪಾಯಿ ಇದೇ.

ಮನೆಗೆ ಹತ್ತಿರದ ಟೋಲನ್ನು ಹೋಗುವಾಗ ಮೊದಲು, ಬರುವಾಗ ಕೊನೆಗೆ ದಾಟುತ್ತೇವೆ. ಅದರ 24 ಗಂಟೆಯೇ ಎಲ್ಲಕ್ಕಿಂತ ಮೊದಲು ಮುಗಿಯುತ್ತದೆ. ಹಾಗಾಗಿ ಒಂದೇ ಪ್ರಯಾಣದಲ್ಲಿ ಒಂದು ಕಡೆ ರಿಯಾಯಿತಿ ಸಿಕ್ಕಿ ಇನ್ನೊಂದು ಕಡೆ ಸಿಗದಿರುವುದು ಅಪರೂಪವೇನಲ್ಲ. ‘ಮರುದಿನ ಬಂದರೂ ಸಿಗುತ್ತದೆ’, ‘ರಾತ್ರಿ 12ರೊಳಗೆ ಬಂದರೆ ಮಾತ್ರ ಸಿಗುತ್ತದೆ’ ಎಂಬ ಎರಡು ಮಾತುಗಳೂ ತಪ್ಪು. ಲೆಕ್ಕ ಗಡಿಯಾರದ್ದು, ಕ್ಯಾಲೆಂಡರಿನದ್ದಲ್ಲ. ಅದೇ ದಿನ ಮೂರನೆಯ ಸಲ ದಾಟಿದರೆ ಮತ್ತೆ ಪೂರ್ತಿ ದರ. ಕೆಲಸಕ್ಕೆಂದು ದಿನಕ್ಕೆ ಎರಡು ಸಲ ಹೋಗಿ ಬರುವವರ ಪಟ್ಟಿಯಲ್ಲಿ ಪೂರ್ತಿ, ಉಳಿಕೆ, ಪೂರ್ತಿ ಎಂದು ಮೊತ್ತ ಏರಿಳಿಯುವುದು ಇದರಿಂದಲೇ.

ಕಥೆ ಇಲ್ಲಿಗೆ ಮುಗಿಯುವುದಿಲ್ಲ, ಏಕೆಂದರೆ ಉಳಿದಿರುವುದು 37 ರೂಪಾಯಿ. ಮುಂದಿನ ವಾರ ಅದೇ 85ರ ಟೋಲ್‌ಗೆ ಹೋದರೆ ಏನಾಗುತ್ತದೆ? 2021ರ ಫೆಬ್ರುವರಿಯಲ್ಲಿ ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರವು ಕಾರು, ಜೀಪು, ವ್ಯಾನುಗಳಿಗೆ ಕನಿಷ್ಠ ಬ್ಯಾಲೆನ್ಸ್ ಇರಲೇಬೇಕೆಂದು ಬ್ಯಾಂಕುಗಳು ಒತ್ತಾಯಿಸಬಾರದು ಎಂದು ಹೇಳಿತು. ಖಾತೆ ಮೈನಸ್ ಆಗಿರದಿದ್ದರೆ ಗಾಡಿಯನ್ನು ಬಿಡಬೇಕು. ದಾಟಿದ ಮೇಲೆ ಮೈನಸ್ ಆದರೆ ಕೊರತೆಯನ್ನು ಬ್ಯಾಂಕು ನೀವು ಟ್ಯಾಗ್ ಕೊಳ್ಳುವಾಗ ಕಟ್ಟಿದ ಡೆಪಾಸಿಟ್‌ನಿಂದ ತುಂಬಿಕೊಳ್ಳಬಹುದು, ಮುಂದಿನ ರೀಚಾರ್ಜ್‌ನಲ್ಲಿ ಡೆಪಾಸಿಟ್ಟನ್ನು ಮತ್ತೆ ಸರಿಮಾಡಿಕೊಳ್ಳುತ್ತದೆ. ಈ ಉದಾಹರಣೆಯಲ್ಲಿ 37ರಿಂದ 85 ಹೋದರೆ ಕೊರತೆ 48. ಆಮೇಲೆ 500 ರೂಪಾಯಿ ರೀಚಾರ್ಜ್ ಮಾಡಿದರೆ ಬ್ಯಾಲೆನ್ಸ್ ತೋರಿಸುವುದು 452. ಟೋಲನ್ನೇ ದಾಟದೆ 48 ರೂಪಾಯಿ ಮಾಯವಾಯಿತೆಂದು ಬಹಳ ಜನ ಗಾಬರಿಯಾಗುವುದು ಈ ಹಂತದಲ್ಲಿ. ರೀಚಾರ್ಜ್ ಸಾಲಿನ ಹಿಂದಿನ ಸಾಲನ್ನು ನೋಡಿ. ಅಲ್ಲಿನ ಬ್ಯಾಲೆನ್ಸ್ ಮೈನಸ್ ಇದ್ದರೆ, ಅಥವಾ ಸೊನ್ನೆಗೆ ಇಳಿದು ಡೆಪಾಸಿಟ್‌ನ ಹೆಸರಿನಲ್ಲಿ ಬೇರೊಂದು ಸಾಲು ಬಂದಿದ್ದರೆ, ಉತ್ತರ ಅದರಲ್ಲೇ ಇದೆ.

ಇಂಥದೇ ಇನ್ನೊಂದು ಗೊಂದಲ ಒಂದೇ ಖಾತೆಗೆ ಎರಡು ಗಾಡಿಗಳ ಟ್ಯಾಗ್ ಜೋಡಿಸಿರುವ ಮನೆಗಳದ್ದು. ಅಪ್ಪ ಹಾಸನದಲ್ಲಿದ್ದಾಗ ಮಗನ ಕಾರು ಹುಬ್ಬಳ್ಳಿ ದಾರಿಯಲ್ಲಿ ಟೋಲ್ ದಾಟಿದರೆ ಎಸ್‌ಎಂಎಸ್ ಅಪ್ಪನಿಗೆ, ಕಡಿತವೂ ಒಂದೇ ಗಂಟಿನಿಂದ. ಪ್ರತಿ ಸಾಲಿನಲ್ಲೂ ವಾಹನದ ನಂಬರು ಇಲ್ಲವೇ ಟ್ಯಾಗ್ ಐಡಿ ಇರುತ್ತದೆ. ದೂರು ಕೊಡುವ ಮೊದಲು ಅದನ್ನು ನೋಡಬೇಕು. ಮಾರಿದ ಕಾರಿನ ಟ್ಯಾಗನ್ನು ಮುಚ್ಚಿಸದೆ ಬಿಟ್ಟವರಿಗೂ ಹೀಗೆಯೇ ಆಗುತ್ತದೆ: ಕೊಂಡವರು ಓಡಾಡುತ್ತಾರೆ, ಮಾರಿದವರ ಖಾತೆ ಕರಗುತ್ತದೆ. ಈ ಎರಡರಲ್ಲೂ ಟೋಲ್‌ನವರ ತಪ್ಪಿಲ್ಲ, ಹಣ ಮರಳಿ ಬರುವ ದಾರಿಯೂ ಇಲ್ಲ.

ಬೋರ್ಡಿನ ದರಕ್ಕಿಂತ ಪ್ರತಿ ಟೋಲ್‌ನಲ್ಲೂ ಒಂದೇ ಅನುಪಾತದಲ್ಲಿ ಹೆಚ್ಚು ಹೋಗುತ್ತಿದ್ದರೆ ಮಾತ್ರ ಬೇರೆ ಕಡೆ ನೋಡಬೇಕು. ವಾಹನದ ವರ್ಗವನ್ನು ಟ್ಯಾಗ್ ಕೊಡುವಾಗಲೇ ನಮೂದಿಸಿರುತ್ತಾರೆ. ಕಾರು, ಜೀಪು, ವ್ಯಾನಿನ ವರ್ಗ VC4, ಟ್ಯಾಗಿನ ಬಣ್ಣ ನೇರಳೆ. ಲಘು ಸರಕು ವಾಹನ, ಮಿನಿ ಬಸ್ಸುಗಳದ್ದು VC5. 2008ರ ನಿಯಮದಲ್ಲಿ ಕಾರಿಗೆ ಕಿಲೋಮೀಟರಿಗೆ 65 ಪೈಸೆ, ಲಘು ಸರಕು ವಾಹನಕ್ಕೆ 1 ರೂಪಾಯಿ 5 ಪೈಸೆ, ಬಸ್ಸು–ಲಾರಿಗೆ 2 ರೂಪಾಯಿ 20 ಪೈಸೆ ಎಂದು ಮೂಲ ದರ ಗೊತ್ತುಮಾಡಿದ್ದರು. ದರ ಏರುತ್ತ ಬಂದರೂ ಇವುಗಳ ನಡುವಿನ ಅನುಪಾತ ಸರಿಸುಮಾರು ಹಾಗೆಯೇ ಉಳಿದಿದೆ. ಆದ್ದರಿಂದ ನಿಮ್ಮ ಕಾರಿಗೆ 135 ಇರುವಲ್ಲಿ 220ರ ಆಸುಪಾಸು, 85 ಇರುವಲ್ಲಿ 135–140, ಹೀಗೆ ಎಲ್ಲ ಕಡೆ ಒಂದು ಪಟ್ಟು ಮತ್ತು ಮುಕ್ಕಾಲಿಗಿಂತ ಸ್ವಲ್ಪ ಕಡಿಮೆ ಹೋಗುತ್ತಿದ್ದರೆ ಟ್ಯಾಗ್ ಸರಕು ವಾಹನದ ವರ್ಗದಲ್ಲಿ ದಾಖಲಾಗಿದೆ ಎಂದು ಅನುಮಾನಿಸಬಹುದು. ಇದನ್ನು ಟೋಲ್‌ನಲ್ಲಿ ಜಗಳ ಮಾಡಿ ಸರಿಪಡಿಸಲಾಗದು. ಆರ್‌ಸಿ ಪ್ರತಿಯನ್ನು ಟ್ಯಾಗ್ ಕೊಟ್ಟ ಬ್ಯಾಂಕಿಗೆ ಕಳಿಸಿ ವರ್ಗ ತಿದ್ದಿಸಬೇಕು. ಒಂದೇ ಒಂದು ಟೋಲ್‌ನಲ್ಲಿ ಮಾತ್ರ ಹೆಚ್ಚು ಹೋಗಿದ್ದರೆ ತಪ್ಪು ಟ್ಯಾಗಿನದ್ದಲ್ಲ, ಆ ಟೋಲಿನದ್ದು.

ಕೆಲವೊಮ್ಮೆ ಹಣ ಕಳೆದು ಎಷ್ಟೋ ದಿನಗಳಾದ ಮೇಲೆ Debit Adjustment ಅಥವಾ Credit Adjustment ಎಂಬ ಸಾಲು ಬರುತ್ತದೆ. ಲೇನಿನಲ್ಲಿ ಗಾಡಿಯ ಗಾತ್ರ, ಅಚ್ಚುಗಳನ್ನು ಎಣಿಸುವ ಸಾಧನವಿದೆ. ಅದು ಕಂಡದ್ದಕ್ಕೂ ಟ್ಯಾಗಿನ ವರ್ಗಕ್ಕೂ ತಾಳೆಯಾಗದಿದ್ದರೆ ಟೋಲ್‌ನವರು ವ್ಯತ್ಯಾಸವನ್ನು ಆಮೇಲೆ ಕೇಳಬಹುದು. ಹೆಚ್ಚು ತೆಗೆದಿದ್ದರೆ ಹಿಂತಿರುಗಿಸುವುದೂ ಇಂಥ ಸಾಲಿನ ಮೂಲಕವೇ. ಇದರಲ್ಲಿ ಹಳೆಯ ವ್ಯವಹಾರದ ಐಡಿ ಇದ್ದರೆ ಮೂಲ ಸಾಲನ್ನು ಹುಡುಕಿ ಎರಡನ್ನೂ ಕೂಡಿಸಿ ನೋಡಬೇಕು, ಬಿಡಿಯಾಗಿ ಓದಿದರೆ ಅರ್ಥವಾಗದು.

ವಾರ್ಷಿಕ ಪಾಸ್ ಮಾಡಿಸಿಕೊಂಡವರ ಗೊಂದಲ ಬೇರೆಯದು. 2025ರ ಆಗಸ್ಟ್ 15ರಂದು ಖಾಸಗಿ ಕಾರು, ಜೀಪು, ವ್ಯಾನುಗಳಿಗೆ ಈ ಪಾಸ್ ಬಂತು. ಆಗ 3,000 ರೂಪಾಯಿಗೆ 200 ಟ್ರಿಪ್ ಅಥವಾ ಒಂದು ವರ್ಷ, ಯಾವುದು ಮೊದಲೋ ಅದು. ಪಾಸ್‌ನ ಟ್ರಿಪ್‌ಗಳು ಒಂದು ಲೆಕ್ಕ, ಟ್ಯಾಗ್‌ನ ಹಣ ಇನ್ನೊಂದು ಲೆಕ್ಕ. ರಾಷ್ಟ್ರೀಯ ಹೆದ್ದಾರಿ, ರಾಷ್ಟ್ರೀಯ ಎಕ್ಸ್‌ಪ್ರೆಸ್‌ವೇಯ ಟೋಲ್‌ನಲ್ಲಿ ಹಣ ಹೋಗದೆ ಒಂದು ಟ್ರಿಪ್ ಕಡಿಮೆಯಾಗುತ್ತದೆ. ಹೋಗಿ ಬಂದರೆ ಎರಡು ಟ್ರಿಪ್, ಅಲ್ಲಿ ಒಂದೂವರೆಯ ಲೆಕ್ಕವಿಲ್ಲ. ರಾಜ್ಯ ಹೆದ್ದಾರಿಯ ಟೋಲ್‌ಗೆ ಬಂದರೆ ಪಾಸ್ ನಡೆಯದು, ಮಾಮೂಲಿ ಬ್ಯಾಲೆನ್ಸ್‌ನಿಂದ ಪೂರ್ತಿ ದರ ಹೋಗುತ್ತದೆ. ಫಾಸ್ಟ್ಯಾಗ್‌ನಿಂದ ಕೊಟ್ಟ ಪಾರ್ಕಿಂಗ್ ಶುಲ್ಕವೂ ಅಲ್ಲಿಂದಲೇ. ‘ಪಾಸ್ ಇದ್ದರೂ ಕಡಿತ’ ಎಂಬ ದೂರಿನಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ: ಆ ಟೋಲ್ ಇರುವುದು ಯಾರ ರಸ್ತೆಯಲ್ಲಿ?

ಇವೆಲ್ಲವನ್ನೂ ಪರಿಶೀಲಿಸಿದ ಮೇಲೂ ವಿವರಣೆ ಸಿಗದ ಸಾಲುಗಳು ಉಳಿಯುತ್ತವೆ. ನಾನು ಗಂಭೀರವಾಗಿ ತೆಗೆದುಕೊಳ್ಳುವುದು ಇವನ್ನೇ. ಒಂದೇ ಟೋಲ್, ಒಂದೇ ದಿಕ್ಕು, ಓದಿದ ಸಮಯದಲ್ಲಿ ಕೆಲವೇ ನಿಮಿಷಗಳ ಅಂತರ, ಎರಡೂ ಸಲ ಪೂರ್ತಿ ದರ: ಇದು ಎರಡು ಸಲ ಕಡಿತವಾದದ್ದರ ಗುರುತು. ಓದಿದ ಸಮಯದಲ್ಲಿ ಕಾರು ಬೇರೆ ಊರಿನಲ್ಲಿತ್ತು, ನಂಬರು ಮಾತ್ರ ನಿಮ್ಮದೇ ಎಂದಾದರೆ, ಆ ಟೋಲ್‌ನಲ್ಲಿ ಟ್ಯಾಗ್ ಓದದೆ ಸಿಬ್ಬಂದಿ ಕೈಯಲ್ಲಿ ವಾಹನದ ನಂಬರು ಒತ್ತಿರುವ ಸಾಧ್ಯತೆ ಹೆಚ್ಚು. ಒಂದು ಅಂಕಿ ತಪ್ಪಿದರೆ ಸಾಕು, ಇನ್ನಾರದೋ ಖಾತೆಗೆ ಕತ್ತರಿ. ಇಂಥ ತಪ್ಪು ಕಡಿತ ಸಾಬೀತಾದರೆ ಟೋಲ್ ಸಂಗ್ರಹಿಸುವ ಸಂಸ್ಥೆಗೆ ಒಂದೊಂದಕ್ಕೂ 1 ಲಕ್ಷ ರೂಪಾಯಿ ದಂಡ ಹಾಕುವುದಾಗಿ ಪ್ರಾಧಿಕಾರವೇ ಹೇಳಿದೆ, ಹಾಕಿಯೂ ಇದೆ. 85 ರೂಪಾಯಿಗೆ ಯಾರು ದೂರು ಕೊಡುತ್ತಾರೆ ಎಂದು ಬಿಟ್ಟುಬಿಡುವುದರಿಂದಲೇ ಇಂಥ ಕಡಿತಗಳು ಮುಚ್ಚಿಹೋಗುತ್ತವೆ.

ಮೂರನೆಯ ಬಗೆ, ಟ್ಯಾಗ್ ಓದುತ್ತಿಲ್ಲ ಎಂದು ಕೌಂಟರಿನಲ್ಲಿ ಹಣ ಕಟ್ಟಿಸಿಕೊಂಡು, ಆಮೇಲೆ ಟ್ಯಾಗ್‌ನಿಂದಲೂ ಕಳೆಯುವುದು. ಇದರಲ್ಲಿ ನಷ್ಟ ದೊಡ್ಡದು. 2025ರ ನವೆಂಬರ್ 15ರಂದು ಜಾರಿಗೆ ಬಂದ ನಿಯಮದ ಪ್ರಕಾರ ಸಿಂಧುವಾದ ಫಾಸ್ಟ್ಯಾಗ್ ಇಲ್ಲದವರು ಯುಪಿಐಯಲ್ಲಿ ಕೊಟ್ಟರೆ ಒಂದೂಕಾಲು ಪಟ್ಟು, ನಗದು ಕೊಟ್ಟರೆ ಎರಡು ಪಟ್ಟು ತೆರಬೇಕಿತ್ತು. ಆ ಲೆಕ್ಕದಲ್ಲಿ 100 ರೂಪಾಯಿಯ ಟೋಲ್‌ಗೆ ನಗದು 200 ಕೊಟ್ಟು, ಟ್ಯಾಗ್‌ನಿಂದಲೂ 100 ಹೋದರೆ ಒಟ್ಟು 300. ಆದರೆ ನಿಯಮ ಇನ್ನೊಂದನ್ನೂ ಹೇಳುತ್ತದೆ, ಅದು 2018ರಿಂದಲೂ ಇದೆ: ನಿಮ್ಮ ಟ್ಯಾಗ್ ಸರಿಯಾಗಿದ್ದು, ಸಾಕಷ್ಟು ಹಣವಿದ್ದು, ಟೋಲ್‌ನ ಯಂತ್ರವೇ ಕೆಟ್ಟಿದ್ದರೆ ಹಣ ಪಡೆಯದೆ ಬಿಡಬೇಕು, ಸೊನ್ನೆ ಮೊತ್ತದ ರಸೀದಿ ಕೊಡಬೇಕು. ಹಣ ಕಟ್ಟಲೇಬೇಕಾಗಿ ಬಂದರೆ ರಸೀದಿಯ ಫೋಟೋ ತೆಗೆದಿಟ್ಟುಕೊಳ್ಳಿ. ಥರ್ಮಲ್ ಕಾಗದದ ಅಕ್ಷರ ಕೆಲವೇ ತಿಂಗಳಲ್ಲಿ ಅಳಿಸಿಹೋಗುತ್ತದೆ.

ದೂರು ಕೊಡುವಾಗ ‘ನನ್ನ ಬ್ಯಾಲೆನ್ಸ್ ಕಡಿಮೆಯಾಗಿದೆ’ ಎಂದು ಬರೆದರೆ ಯಾರಿಗೂ ಏನೂ ಹುಡುಕಲಾಗದು. ಬ್ಯಾಂಕಿಗೆ ಬೇಕಾದದ್ದು ವ್ಯವಹಾರದ ಐಡಿ, ಟೋಲ್‌ನ ಹೆಸರು, ಓದಿದ ಸಮಯ, ಕಳೆದ ಮೊತ್ತ, ಕಳೆಯಬೇಕಾಗಿದ್ದ ಮೊತ್ತ. ರಿಟರ್ನ್ ಸಿಗದ ದೂರಾದರೆ ಎರಡೂ ದಾಟುವಿಕೆಗಳ ಐಡಿ ಮತ್ತು ಸಮಯ ಕೊಡಬೇಕು. ಹಣ ಕಳೆದದ್ದು ಟ್ಯಾಗ್ ಕೊಟ್ಟ ಬ್ಯಾಂಕು, ಹಾಗಾಗಿ ಮೊದಲ ದೂರು ಅಲ್ಲಿಗೇ. ಆ ಬ್ಯಾಂಕು ಇದೇ ಜಾಲದ ಮೂಲಕ ಟೋಲ್‌ನ ಬ್ಯಾಂಕಿಗೆ ಚಾರ್ಜ್‌ಬ್ಯಾಕ್ ಹಾಕುತ್ತದೆ, ಟೋಲ್‌ನವರು ಲೇನಿನ ಕ್ಯಾಮೆರಾ ಚಿತ್ರದಂಥ ಆಧಾರ ಕೊಡದಿದ್ದರೆ ಹಣ ಮರಳುತ್ತದೆ. ರಾಷ್ಟ್ರೀಯ ಹೆದ್ದಾರಿಯ ಟೋಲ್ ಆಗಿದ್ದರೆ ಸಹಾಯವಾಣಿ 1033ಕ್ಕೂ ಕರೆ ಮಾಡಬಹುದು. ಓಡಿಸದ ಗಾಡಿಗೆ ಕಡಿತವಾದ ಪ್ರಕರಣಕ್ಕೆಂದೇ falsededuction@ihmcl.com ಎಂಬ ಇಮೇಲ್ ವಿಳಾಸವಿದೆ. ಬ್ಯಾಂಕು 30 ದಿನಗಳಲ್ಲಿ ಉತ್ತರಿಸದಿದ್ದರೆ, ಅಥವಾ ಉತ್ತರ ಒಪ್ಪುವಂತಿಲ್ಲದಿದ್ದರೆ, ರಿಸರ್ವ್ ಬ್ಯಾಂಕ್ ಒಂಬುಡ್ಸ್‌ಮನ್‌ಗೆ cms.rbi.org.in ತಾಣದಲ್ಲಿ ದೂರು ಸಲ್ಲಿಸಬಹುದು, ಶುಲ್ಕವಿಲ್ಲ. ಬ್ಯಾಂಕು ಕೊಟ್ಟ ದೂರಿನ ಸಂಖ್ಯೆಯನ್ನು ಅಲ್ಲಿ ಕೇಳುತ್ತಾರೆ.